ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ

ಒಂದು ಸರಕಿನ ಬೆಲೆ ಬದಲಾದಾಗ ಜನ ಅದನ್ನು ಕೊಳ್ಳುವ ಪ್ರಮಾಣ ಎಷ್ಟರಮಟ್ಟಿಗೆ ಬದಲಾಗುತ್ತದೆ ಎಂಬುದನ್ನು ತಿಳಿಸುವ ಅಳತೆಯೇ ಬೇಡಿಕೆಯ ಬೆಲೆ ಸ್ಥಿತಿಸ್ಥಾಪಕತ್ವ. ಬೆಲೆ ಶೇಕಡಾ ಒಂದರಷ್ಟು ಏರಿದರೆ ಮಾರಾಟ ಶೇಕಡಾ ಎಷ್ಟು ಇಳಿಯುತ್ತದೆ ಎಂಬ ಪ್ರಶ್ನೆಗೆ ಅದು ಒಂದೇ ಸಂಖ್ಯೆಯಲ್ಲಿ ಉತ್ತರ ಕೊಡುತ್ತದೆ. ಬೆಲೆಯನ್ನು P ಎಂದೂ ಕೊಳ್ಳುವ ಪ್ರಮಾಣವನ್ನು Q ಎಂದೂ ಕರೆದರೆ ಅದರ ಸೂತ್ರ ಹೀಗಿದೆ:

e = (dQ/Q) ÷ (dP/P) = d ln Q / d ln P

ಬೆಲೆ ಏರಿದರೆ ಮಾರಾಟ ಇಳಿಯುವುದರಿಂದ e ಸಾಮಾನ್ಯವಾಗಿ ಋಣ ಸಂಖ್ಯೆ. ಚಿಹ್ನೆ ಬಿಟ್ಟು ನೋಡಿದಾಗ ಅದು 1ಕ್ಕಿಂತ ದೊಡ್ಡದಿದ್ದರೆ ಬೇಡಿಕೆಯನ್ನು ಸ್ಥಿತಿಸ್ಥಾಪಕ ಎಂದೂ, ಚಿಕ್ಕದಿದ್ದರೆ ಅಸ್ಥಿತಿಸ್ಥಾಪಕ ಎಂದೂ ಕರೆಯುತ್ತಾರೆ. ಪದವಿಪೂರ್ವ ತರಗತಿಯ ಅರ್ಥಶಾಸ್ತ್ರ ಓದಿದವರಿಗೆ ಸೂತ್ರದ ಮೊದಲ ಅರ್ಧ ಪರಿಚಿತವೇ: ಪ್ರಮಾಣದ ಶೇಕಡಾ ಬದಲಾವಣೆಯನ್ನು ಬೆಲೆಯ ಶೇಕಡಾ ಬದಲಾವಣೆಯಿಂದ ಭಾಗಿಸುವುದು. ಎರಡನೇ ಅರ್ಧದಲ್ಲಿ ಬರುವ ಲಘುಗಣಕದ ನಿಷ್ಪನ್ನವನ್ನು ಹಲವು ಪುಸ್ತಕಗಳು ಅಡಿಟಿಪ್ಪಣಿಗೆ ತಳ್ಳಿಬಿಡುತ್ತವೆ. ಈ ಪರಿಕಲ್ಪನೆಯ ಜೀವ ಇರುವುದು ಅಲ್ಲಿಯೇ. ಮಾರಾಟದಿಂದ ಕೈಗೆ ಬರುವ ಹಣ ಏರುತ್ತದೋ ಇಳಿಯುತ್ತದೋ ಎಂಬ ತೀರ್ಮಾನ ಲಘುಗಣಕದ ದಾರಿಯಲ್ಲಿ ಒಂದೇ ಸಾಲಿನಲ್ಲಿ ಸಿಗುತ್ತದೆ. ಸಾದಾ ಶೇಕಡಾವಾರಿನ ದಾರಿಯಲ್ಲಿ ಹೋದರೆ ಕೆಲವೊಮ್ಮೆ ತೀರ್ಮಾನವೇ ತಲೆಕೆಳಗಾಗುತ್ತದೆ.

1699ರ ಒಂದು ಪಟ್ಟಿ

ಇದನ್ನು ತೋರಿಸಲು ಇಂಗ್ಲೆಂಡಿನ ಹಳೆಯ ಪಟ್ಟಿಯೊಂದು ಬಹಳ ಚೆನ್ನಾಗಿ ಒದಗುತ್ತದೆ. ಚಾರ್ಲ್ಸ್ ಡಾವನೆಂಟ್ ಎಂಬ ಲೇಖಕ 1699ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಧಾನ್ಯದ ಬೆಳೆ ಕಡಿಮೆಯಾದಾಗ ಬೆಲೆ ಎಷ್ಟು ಏರಬಹುದು ಎಂಬ ಅಂದಾಜು ಕೊಟ್ಟಿದ್ದಾನೆ. ಬೆಳೆ ಹತ್ತರಲ್ಲಿ ಒಂದು ಪಾಲು ಕುಂದಿದರೆ ಬೆಲೆ ಮಾಮೂಲಿಗಿಂತ ಹತ್ತರಲ್ಲಿ ಮೂರು ಪಾಲು ಏರುತ್ತದೆ. ಎರಡು ಪಾಲು ಕುಂದಿದರೆ ಎಂಟು ಪಾಲು, ಮೂರಕ್ಕೆ ಹದಿನಾರು, ನಾಲ್ಕಕ್ಕೆ ಇಪ್ಪತ್ತೆಂಟು, ಐದಕ್ಕೆ ನಲವತ್ತೈದು. ಡಾವನೆಂಟ್ ತನ್ನ ಸಮಕಾಲೀನ ಗ್ರೆಗರಿ ಕಿಂಗ್‌ನ ಲೆಕ್ಕಾಚಾರಗಳನ್ನು ಹೇರಳವಾಗಿ ಬಳಸಿಕೊಂಡಿದ್ದರಿಂದ ಈ ಪಟ್ಟಿಗೆ ಮುಂದೆ ‘ಕಿಂಗ್‌ನ ನಿಯಮ’ ಎಂಬ ಹೆಸರು ಬಿತ್ತು. ಇದು ಇಬ್ಬರಲ್ಲಿ ನಿಜವಾಗಿ ಯಾರದು ಎಂಬ ಚರ್ಚೆ ವಿದ್ವಾಂಸರಲ್ಲಿ ನಡೆದೇ ಇದೆ.

ಮಾಮೂಲಿ ವರ್ಷದ ಬೆಳೆಯನ್ನೂ ಬೆಲೆಯನ್ನೂ 1 ಎಂದು ಇಟ್ಟುಕೊಂಡು ಐದೂ ಸಾಲುಗಳಿಗೆ ಸ್ಥಿತಿಸ್ಥಾಪಕತ್ವವನ್ನು ಎರಡು ರೀತಿಯಲ್ಲಿ ಲೆಕ್ಕ ಹಾಕಿದರೆ ಬರುವುದು ಇದು. ಕೊನೆಯ ಕಂಬಸಾಲಿನಲ್ಲಿ ಬೆಳೆಯನ್ನು ಬೆಲೆಯಿಂದ ಗುಣಿಸಿದ ಒಟ್ಟು ಹಣವಿದೆ.

| ಬೆಳೆ | ಬೆಲೆ | ಸಾದಾ ಶೇಕಡಾ ಲೆಕ್ಕ | ಲಘುಗಣಕದ ಲೆಕ್ಕ | ಒಟ್ಟು ಹಣ |
|---|---|---|---|---|
| 0.9 | 1.3 | −0.33 | −0.40 | 1.17 |
| 0.8 | 1.8 | −0.25 | −0.38 | 1.44 |
| 0.7 | 2.6 | −0.19 | −0.37 | 1.82 |
| 0.6 | 3.8 | −0.14 | −0.38 | 2.28 |
| 0.5 | 5.5 | −0.11 | −0.41 | 2.75 |

ಮೂರನೆಯ ಕಂಬಸಾಲನ್ನು ಮಾತ್ರ ನೋಡಿದವರು, ಬರ ಬಿಗಿಯಾದಂತೆ ಜನ ಬೆಲೆಗೆ ಸ್ಪಂದಿಸುವುದನ್ನೇ ಬಿಡುತ್ತಾರೆ, ಸ್ಥಿತಿಸ್ಥಾಪಕತ್ವ ಮೂರರಲ್ಲಿ ಒಂದಕ್ಕೆ ಕುಸಿಯುತ್ತದೆ ಎಂದುಕೊಳ್ಳುತ್ತಾರೆ. ನಾಲ್ಕನೆಯದು ಬೇರೆಯೇ ಮಾತು ಹೇಳುತ್ತದೆ: ಐದೂ ಸಾಲುಗಳಲ್ಲಿ ಅದು ಹೆಚ್ಚುಕಡಿಮೆ −0.4. ಒಂದೇ ಪಟ್ಟಿ, ಅದೇ ಅಂಕಿಗಳು. ಬದಲಾದದ್ದು ಅಳೆಯುವ ಕೋಲು ಮಾತ್ರ.

ಕೊನೆಯ ಸಾಲನ್ನು ಕೈಯಾರೆ ಲೆಕ್ಕ ಮಾಡಿದರೆ ಕಾರಣ ಗೊತ್ತಾಗುತ್ತದೆ. ಬೆಲೆ 1ರಿಂದ 5.5ಕ್ಕೆ ಹೋದದ್ದು ಶೇಕಡಾ 450ರ ಏರಿಕೆ. ಬೆಳೆ 1ರಿಂದ 0.5ಕ್ಕೆ ಇಳಿದದ್ದು ಶೇಕಡಾ 50ರ ಇಳಿಕೆ. ಏರಿಕೆಗೆ ಮಿತಿಯೇ ಇಲ್ಲ, ಆದರೆ ಇಳಿಕೆ ಶೇಕಡಾ 100ನ್ನು ಎಂದೂ ದಾಟಲಾರದು. ಇಂಥ ಎರಡನ್ನು ಒಂದರಿಂದೊಂದು ಭಾಗಿಸುವುದೆಂದರೆ, ಒಂದು ತಟ್ಟೆಗೆ ಸೇರು, ಇನ್ನೊಂದು ತಟ್ಟೆಗೆ ಕಿಲೋ ಹಾಕಿ ತೂಗಿದ ಹಾಗೆ. ಲಘುಗಣಕದಲ್ಲಿ ಈ ತಾರತಮ್ಯವಿಲ್ಲ. ln 5.5 = 1.705, ln 0.5 = −0.693. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ −0.41.

ತರಗತಿಗಳಲ್ಲಿ ಹೇಳಿಕೊಡುವ ಮಧ್ಯಬಿಂದು ವಿಧಾನ, ಅಂದರೆ ಬದಲಾವಣೆಯನ್ನು ಮೊದಲಿನ ಮತ್ತು ನಂತರದ ಅಂಕಿಗಳ ಸರಾಸರಿಯಿಂದ ಭಾಗಿಸುವ ಉಪಾಯ, ಹುಟ್ಟಿದ್ದು ಇದೇ ತೊಂದರೆಯನ್ನು ನಿವಾರಿಸಲು. ವಾಸ್ತವದಲ್ಲಿ ಅದು ಲಘುಗಣಕದ ಒಂದು ಅಂದಾಜು. ಮೊದಲ ಸಾಲಿನಲ್ಲಿ ಅದೂ −0.40 ಕೊಡುತ್ತದೆ. ಐದನೆಯ ಸಾಲಿನ ಹೊತ್ತಿಗೆ −0.48ಕ್ಕೆ ಜಾರುತ್ತದೆ. ಬದಲಾವಣೆ ಚಿಕ್ಕದಿದ್ದಾಗ ಮೂರು ವಿಧಾನಗಳೂ ಹತ್ತಿರ ಬರುತ್ತವೆ, ದೊಡ್ಡದಾದಾಗ ಬೇರೆಯಾಗುತ್ತವೆ.

ಲಘುಗಣಕ ಏಕೆ

ಕಲನಶಾಸ್ತ್ರದ ಒಂದು ಸರಳ ಸಂಗತಿಯಿಂದ ಎಲ್ಲವೂ ಹೊರಡುತ್ತದೆ. ln Qದ ನಿಷ್ಪನ್ನ 1/Q ಆದ್ದರಿಂದ d ln Q = dQ/Q. ಅಂದರೆ ಲಘುಗಣಕದಲ್ಲಿ ಆಗುವ ಕಿರಿದಾದ ಬದಲಾವಣೆ ಎಂದರೆ ಪ್ರಮಾಣದಲ್ಲಿ ಆಗುವ ಭಾಗಶಃ ಬದಲಾವಣೆಯೇ. ಬೇಡಿಕೆಯ ರೇಖೆಯನ್ನು ಎರಡೂ ಅಕ್ಷಗಳಲ್ಲಿ ಲಘುಗಣಕದ ಅಳತೆ ಇರುವ ಗ್ರಾಫ್ ಹಾಳೆಯ ಮೇಲೆ ಬರೆದರೆ ಯಾವುದೇ ಬಿಂದುವಿನಲ್ಲಿ ಆ ರೇಖೆಯ ಇಳಿಜಾರೇ ಅಲ್ಲಿಯ ಸ್ಥಿತಿಸ್ಥಾಪಕತ್ವ. ಬೆಲೆಯನ್ನು ಅಡ್ಡ ಅಕ್ಷದಲ್ಲಿ ಇಟ್ಟುಕೊಂಡರೆ ಸಾಕು.

ಇದರಿಂದ ಮೊದಲು ಸಿಗುವ ಅನುಕೂಲ ಮಾನದ ಹಂಗು ಹರಿಯುವುದು. ಅಕ್ಕಿಯನ್ನು ಕಿಲೋದಲ್ಲಿ ಅಳೆದರೂ ಕ್ವಿಂಟಲ್‌ನಲ್ಲಿ ಅಳೆದರೂ, ಬೆಲೆಯನ್ನು ರೂಪಾಯಿಯಲ್ಲಿ ಹೇಳಿದರೂ ಪೌಂಡಿನಲ್ಲಿ ಹೇಳಿದರೂ e ಅದೇ. ಮಾನ ಬದಲಿಸುವುದೆಂದರೆ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸುವುದು. ಲಘುಗಣಕದಲ್ಲಿ ಅದು ಒಂದು ಸ್ಥಿರಾಂಕದ ಕೂಡಿಕೆಯಾಗುತ್ತದೆ, ನಿಷ್ಪನ್ನ ತೆಗೆದಾಗ ಆ ಸ್ಥಿರಾಂಕ ಮಾಯವಾಗುತ್ತದೆ. 1699ರ ಇಂಗ್ಲೆಂಡಿನ ಧಾನ್ಯದ ಅಂಕಿಯನ್ನು ಇಂದಿನ ಯಾವುದೋ ಸರಕಿನ ಅಂಕಿಯ ಪಕ್ಕ ಇಟ್ಟು ನೋಡಲು ಸಾಧ್ಯವಾಗುವುದು ಇದರಿಂದಲೇ.

ಇನ್ನೊಂದು ಅನುಕೂಲ, ಹೋದಷ್ಟೇ ದೂರ ಹಿಂದಕ್ಕೂ ಬರಬಹುದು ಎಂಬುದು. ನೂರು ರೂಪಾಯಿಯ ವಸ್ತು ನೂರೈವತ್ತಾದರೆ ಶೇಕಡಾ 50ರ ಏರಿಕೆ ಎನ್ನುತ್ತೇವೆ. ಅದೇ ನೂರೈವತ್ತು ಮತ್ತೆ ನೂರಾದರೆ ಶೇಕಡಾ 33ರ ಇಳಿಕೆ ಎನ್ನುತ್ತೇವೆ. ಹೋದ ದಾರಿ, ಬಂದ ದಾರಿ ಒಂದೇ ಆದರೂ ಅಂಕಿ ಎರಡು. ಲಘುಗಣಕದಲ್ಲಿ ಏರಿಕೆ +0.405, ಇಳಿಕೆ −0.405. ಹಂತ ಹಂತವಾಗಿ ಆದ ಬದಲಾವಣೆಗಳನ್ನು ಕೂಡಿದರೆ ಒಟ್ಟು ಬದಲಾವಣೆ ತಾನಾಗಿ ಸಿಗುತ್ತದೆ.

ಕೈಗೆ ಬರುವ ಹಣ

ಮಾರಾಟದ ವರಮಾನ R ಎಂದರೆ ಬೆಲೆಯನ್ನು ಪ್ರಮಾಣದಿಂದ ಗುಣಿಸಿದ ಮೊತ್ತ, R = P × Q. ಲಘುಗಣಕ ತೆಗೆದರೆ ಗುಣಾಕಾರ ಕೂಡಿಕೆಯಾಗುತ್ತದೆ:

ln R = ln P + ln Q

ಎರಡೂ ಕಡೆ ln Pಗೆ ಸಂಬಂಧಿಸಿ ನಿಷ್ಪನ್ನ ತೆಗೆದರೆ:

d ln R / d ln P = 1 + e

ವರಮಾನದ ಬಗ್ಗೆ ಸ್ಥಿತಿಸ್ಥಾಪಕತ್ವ ಹೇಳುವುದೆಲ್ಲ ಈ ಸಾಲಿನಲ್ಲಿದೆ. ಇಲ್ಲಿಯ 1 ಬೆಲೆ ಏರಿಕೆಯಿಂದ ಪ್ರತಿ ಕಿಲೋಗೆ ಹೆಚ್ಚಾಗಿ ಸಿಗುವ ಹಣ. e ಕೊಳ್ಳುವುದನ್ನು ಬಿಟ್ಟವರಿಂದ ಕಳೆದುಹೋದ ಹಣ. e −0.4 ಆಗಿದ್ದರೆ ಬೆಲೆ ಶೇಕಡಾ 1ರಷ್ಟು ಏರಿದಾಗ ವರಮಾನ ಶೇಕಡಾ 0.6ರಷ್ಟು ಏರುತ್ತದೆ. e −1 ಆಗಿದ್ದರೆ ಎಷ್ಟು ಸಿಕ್ಕಿತೋ ಅಷ್ಟೇ ಹೋಯಿತು, ವರಮಾನ ಇದ್ದಲ್ಲೇ ನಿಲ್ಲುತ್ತದೆ. e −1.5 ಆಗಿದ್ದರೆ ಬೆಲೆ ಏರಿಸಿದಷ್ಟೂ ಗಲ್ಲಾಪೆಟ್ಟಿಗೆ ಹಗುರ.

ಡಾವನೆಂಟನ ಪಟ್ಟಿಗೆ ಇದನ್ನು ಹಚ್ಚಿ ನೋಡಬಹುದು. e ಎಲ್ಲೆಡೆ −0.4 ಎಂದು ಹಿಡಿದರೆ ವರಮಾನ ಬೆಲೆಯ 0.6ನೇ ಘಾತದಂತೆ ಬೆಳೆಯಬೇಕು. ಬೆಲೆ 1.3 ಆದಾಗ ಸೂತ್ರ ಹೇಳುವುದು 1.17, ಪಟ್ಟಿಯಲ್ಲಿರುವುದೂ 1.17. ಬೆಲೆ 5.5 ಆದಾಗ ಸೂತ್ರದ ಲೆಕ್ಕ 2.78, ಪಟ್ಟಿಯದು 2.75. ನಡುವಿನ ಸಾಲುಗಳಲ್ಲೂ ವ್ಯತ್ಯಾಸ ಶೇಕಡಾ ಮೂರನ್ನು ದಾಟುವುದಿಲ್ಲ. ಬೆಳೆ ಅರ್ಧವಾದಾಗ ದೇಶದ ಜನ ಧಾನ್ಯಕ್ಕೆ ತೆರುವ ಹಣ ಎರಡೂ ಮುಕ್ಕಾಲು ಪಟ್ಟು ಆಗುತ್ತದೆ ಎಂಬುದು ಆ ಪಟ್ಟಿಯೊಳಗಿನ ಕಠೋರ ಸಂಗತಿ. ಇದೇ ಮಾತನ್ನು ತಿರುಗಿಸಿ ಓದಿದರೆ, ಬೆಳೆ ಮಾಮೂಲಿಗಿಂತ ಹೆಚ್ಚು ಬಂದಾಗ ರೈತರೆಲ್ಲರಿಗೂ ಸೇರಿ ಸಿಗುವ ಹಣ ಕಡಿಮೆಯಾಗುತ್ತದೆ.

ಸಾದಾ ಶೇಕಡಾ ಲೆಕ್ಕ ಎಲ್ಲಿ ಮೋಸ ಮಾಡುತ್ತದೆ ಎಂಬುದನ್ನು ಇಲ್ಲಿಯೇ ಹೇಳಬೇಕು. ಒಂದು ಸರಕಿನ ಬೆಲೆ ಶೇಕಡಾ 50 ಏರಿ ಮಾರಾಟ ಶೇಕಡಾ 40 ಇಳಿಯಿತು ಎನ್ನೋಣ. ಭಾಗಿಸಿದರೆ −0.8. ಬೇಡಿಕೆ ಅಸ್ಥಿತಿಸ್ಥಾಪಕ, ಆದ್ದರಿಂದ ವರಮಾನ ಏರಿರಬೇಕು ಎಂದು ಪರೀಕ್ಷೆಯಲ್ಲಿ ಬರೆಯುವ ವಿದ್ಯಾರ್ಥಿಗಳು ಬಹಳ. ಆದರೆ 1.5 × 0.6 = 0.9. ವರಮಾನ ಶೇಕಡಾ 10ರಷ್ಟು ಇಳಿದಿದೆ. ಲಘುಗಣಕದಲ್ಲಿ ಅದೇ ಅಂಕಿಗಳು −0.511 ÷ 0.405, ಅಂದರೆ −1.26 ಕೊಡುತ್ತವೆ. ಅದು ಸರಿಯಾದ ತೀರ್ಪು. ಇದು ಆಕಸ್ಮಿಕವಲ್ಲ. ln R = ln P + ln Q ಎಂಬುದು ಎಷ್ಟೇ ದೊಡ್ಡ ಬದಲಾವಣೆಗೂ ನಿಖರವಾಗಿ ನಿಲ್ಲುವ ಸಮೀಕರಣ. ಆದ್ದರಿಂದ ಲಘುಗಣಕದಿಂದ ಅಳೆದ ಸ್ಥಿತಿಸ್ಥಾಪಕತ್ವ −1ರ ಯಾವ ಪಕ್ಕದಲ್ಲಿದೆ ಎಂದು ನೋಡಿ ವರಮಾನದ ದಿಕ್ಕು ಹೇಳಿದರೆ ಆ ಮಾತು ಎಂದೂ ಹುಸಿಯಾಗುವುದಿಲ್ಲ.

ಸರಳರೇಖೆಯ ಬೇಡಿಕೆ ಮತ್ತು ಕೂರ್ನೊವಿನ ಚಿಲುಮೆ

ಈ ವಿಚಾರದ ಗಣಿತವನ್ನು ಮೊದಲು ಕಟ್ಟಿದವನು ಫ್ರಾನ್ಸಿನ ಆಂಟೊಯೆನ್ ಆಗಸ್ಟಿನ್ ಕೂರ್ನೊ. 1838ರ ತನ್ನ ಪುಸ್ತಕದಲ್ಲಿ ಆತ ಔಷಧೀಯ ಗುಣವುಳ್ಳ ಖನಿಜ ನೀರಿನ ಚಿಲುಮೆಯೊಂದರ ಒಡೆಯನನ್ನು ಕಲ್ಪಿಸಿಕೊಳ್ಳುತ್ತಾನೆ. ನೀರು ತಾನಾಗಿ ಉಕ್ಕುತ್ತದೆ, ಖರ್ಚಿಲ್ಲ. ಒಡೆಯ ಯಾವ ಬೆಲೆ ಇಟ್ಟರೆ ಅತಿ ಹೆಚ್ಚು ಹಣ ಬರುತ್ತದೆ? ಬೇಡಿಕೆಯನ್ನು F(p) ಎಂದು ಬರೆದು, pF(p) ಗರಿಷ್ಠವಾಗುವ ಬಿಂದುವಿನಲ್ಲಿ F(p) + pF′(p) = 0 ಆಗಬೇಕೆಂದು ಕೂರ್ನೊ ತೋರಿಸಿದ. ಇದನ್ನು F(p)ಯಿಂದ ಭಾಗಿಸಿ ನೋಡಿದರೆ ಅದು 1 + e = 0 ಎಂಬುದೇ. ಹೆಸರು ಹುಟ್ಟುವ ನಾಲ್ಕು ದಶಕಕ್ಕೂ ಮೊದಲೇ ವಿಷಯ ಹುಟ್ಟಿತ್ತು.

ಹೆಸರು ಕೊಟ್ಟವನು ಇಂಗ್ಲೆಂಡಿನ ಆಲ್‌ಫ್ರೆಡ್ ಮಾರ್ಷಲ್. 1881ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಸಿಸಿಲಿಯ ಪಲೆರ್ಮೋದಲ್ಲಿದ್ದಾಗ, ಮನೆಯ ತಾರಸಿಯ ಮೇಲೆ ಕುಳಿತಿದ್ದ ಅವನಿಗೆ ಈ ಕಲ್ಪನೆ ಹೊಳೆಯಿತು, ಅದರಿಂದ ಬಹಳ ಸಂತೋಷಪಟ್ಟ ಎಂದು ಅವನ ಹೆಂಡತಿ ಮೇರಿ ನೆನಪಿಸಿಕೊಂಡದ್ದನ್ನು ಜಾನ್ ಮೇನಾರ್ಡ್ ಕೇನ್ಸ್ ದಾಖಲಿಸಿದ್ದಾನೆ. 1890ರಲ್ಲಿ ಬಂದ ಮಾರ್ಷಲ್‌ನ ಗ್ರಂಥದಿಂದ ಅದು ಎಲ್ಲೆಡೆ ಹರಡಿತು.

ಸ್ಥಿತಿಸ್ಥಾಪಕತ್ವವನ್ನು ರೇಖೆಯ ಇಳಿಜಾರೆಂದು ತಪ್ಪಾಗಿ ತಿಳಿಯುವವರು ಹಿಂದೆಯೂ ಇದ್ದರು, ಇಂದೂ ಇದ್ದಾರೆ. ಚಿಲುಮೆಯ ಉದಾಹರಣೆಗೆ ಅಂಕಿಗಳನ್ನು ತುಂಬಿದರೆ ವ್ಯತ್ಯಾಸ ಕಣ್ಣಿಗೆ ಕಟ್ಟುತ್ತದೆ. ದಿನದ ಬೇಡಿಕೆ Q = 1000 − 10P ಸೀಸೆಗಳು ಎನ್ನೋಣ. ಬೆಲೆ ಒಂದು ರೂಪಾಯಿ ಏರಿದರೆ ಎಲ್ಲೆಡೆಯೂ ಹತ್ತೇ ಸೀಸೆ ಕಡಿಮೆ, ಇಳಿಜಾರು ಒಂದೇ. ಬೆಲೆ 20 ಇದ್ದಾಗ 800 ಸೀಸೆ ಹೋಗುತ್ತವೆ, ಬರುವುದು 16,000 ರೂಪಾಯಿ, e = −10 × 20 ÷ 800 = −0.25. ಬೆಲೆ 80 ಇದ್ದಾಗ 200 ಸೀಸೆ ಹೋಗುತ್ತವೆ, ಹಣ ಮತ್ತೆ ಅದೇ 16,000, ಆದರೆ e = −4. ನಟ್ಟನಡುವೆ, ಬೆಲೆ 50 ಇರುವಲ್ಲಿ 500 ಸೀಸೆ, e ಸರಿಯಾಗಿ −1, ಹಣ 25,000. ಅದಕ್ಕಿಂತ ಹೆಚ್ಚು ಈ ರೇಖೆಯ ಮೇಲೆ ಎಲ್ಲಿಯೂ ಸಿಗದು. ಹೀಗೆ ಒಂದೇ ಸರಕಿನ ಬೇಡಿಕೆ ಕಡಿಮೆ ಬೆಲೆಯಲ್ಲಿ ಅಸ್ಥಿತಿಸ್ಥಾಪಕವಾಗಿದ್ದು ಹೆಚ್ಚು ಬೆಲೆಯಲ್ಲಿ ಸ್ಥಿತಿಸ್ಥಾಪಕವಾಗಬಹುದು. ‘ಈ ಸರಕಿನ ಬೇಡಿಕೆ ಅಸ್ಥಿತಿಸ್ಥಾಪಕ’ ಎಂಬ ಮಾತು ಯಾವ ಬೆಲೆಯ ಸುತ್ತಮುತ್ತ ಎಂದು ಹೇಳದ ಹೊರತು ಅರೆಬರೆ.

ಚಿಲುಮೆಯ ಒಡೆಯನಿಗೆ ಸೀಸೆಗೆ 20 ರೂಪಾಯಿ ಖರ್ಚು ಬಂದರೆ ಲೆಕ್ಕ ಬದಲಾಗುತ್ತದೆ. 50 ರೂಪಾಯಿಗೆ ಮಾರಿದರೆ ಲಾಭ 15,000. 60ಕ್ಕೆ ಮಾರಿದರೆ ಬಿಕರಿ 400ಕ್ಕೆ ಇಳಿಯುತ್ತದೆ, ವರಮಾನವೂ 24,000ಕ್ಕೆ ಇಳಿಯುತ್ತದೆ, ಆದರೆ ಲಾಭ 16,000ಕ್ಕೆ ಏರುತ್ತದೆ. ಲಾಭದ ಗರಿಷ್ಠ ಬಿಂದು ಅದೇ. ಅಲ್ಲಿ e = −1.5. ಬೆಲೆಯಲ್ಲಿ ಲಾಭದ ಪಾಲು 40/60, ಅಂದರೆ 1 ÷ 1.5. ಏಕಸ್ವಾಮ್ಯದ ಬೆಲೆಗೂ ಸ್ಥಿತಿಸ್ಥಾಪಕತ್ವಕ್ಕೂ ಇರುವ ಈ ನಂಟನ್ನು 1934ರಲ್ಲಿ ಅಬ್ಬಾ ಲರ್ನರ್ ಏಕಸ್ವಾಮ್ಯದ ಬಲವನ್ನು ಅಳೆಯುವ ಮಾನವಾಗಿ ಮುಂದಿಟ್ಟ. ಖರ್ಚಿರುವ, ಲಾಭ ನೋಡುವ ಏಕೈಕ ಮಾರಾಟಗಾರ ಬೇಡಿಕೆಯ ಅಸ್ಥಿತಿಸ್ಥಾಪಕ ಭಾಗದಲ್ಲಿ ನಿಲ್ಲುವುದಿಲ್ಲ. ಅಲ್ಲಿ ಬೆಲೆ ಏರಿಸಿದರೆ ವರಮಾನ ಏರುತ್ತದೆ, ಕಡಿಮೆ ಸರಕು ತಯಾರಿಸುವುದರಿಂದ ಖರ್ಚೂ ಇಳಿಯುತ್ತದೆ.

ಒಬ್ಬ ರೈತ ಮತ್ತು ಇಡೀ ಮಾರುಕಟ್ಟೆ

ಹಾಗಾದರೆ ಧಾನ್ಯದ ಬೇಡಿಕೆ −0.4ರಲ್ಲಿ ಹೇಗೆ ನಿಂತಿತು? ಅಲ್ಲಿ ಮಾರುವವನು ಒಬ್ಬನಲ್ಲ ಎಂಬುದೇ ಉತ್ತರ. ಇಡೀ ಮಾರುಕಟ್ಟೆಯ ಸ್ಥಿತಿಸ್ಥಾಪಕತ್ವ ಬೇರೆ, ಒಬ್ಬ ಮಾರಾಟಗಾರ ಎದುರಿಸುವ ಸ್ಥಿತಿಸ್ಥಾಪಕತ್ವ ಬೇರೆ.

ಮಾರುಕಟ್ಟೆಯಲ್ಲಿ ಒಬ್ಬ ರೈತನ ಪಾಲು s ಆಗಿರಲಿ. ಅವನೊಬ್ಬನೇ ತನ್ನ ಬೆಳೆಯನ್ನು ಶೇಕಡಾ 1ರಷ್ಟು ಹೆಚ್ಚಿಸಿದರೆ ಮಾರುಕಟ್ಟೆಯ ಒಟ್ಟು ಸರಕು ಶೇಕಡಾ s ಮಾತ್ರ ಹೆಚ್ಚುತ್ತದೆ. e −0.4 ಇರುವಾಗ ಸರಕು ಶೇಕಡಾ 1 ಹೆಚ್ಚಾದರೆ ಬೆಲೆ ಶೇಕಡಾ 2.5 ಇಳಿಯುತ್ತದೆ, ಏಕೆಂದರೆ 1 ÷ 0.4 = 2.5. ಆದ್ದರಿಂದ ಅವನ ವರಮಾನ ಬದಲಾಗುವುದು ಶೇಕಡಾ 1 − 2.5s. ಸಾವಿರ ಸಮಾನ ರೈತರಲ್ಲಿ ಅವನೊಬ್ಬನಾದರೆ s = 0.001, ಅವನ ವರಮಾನ ಶೇಕಡಾ 0.9975 ಏರುತ್ತದೆ. ಬೆಲೆ ಇಳಿದದ್ದು ಅವನ ಲೆಕ್ಕಕ್ಕೇ ಬರುವುದಿಲ್ಲ. ಅದೇ ವರ್ಷ ಸಾವಿರ ಮಂದಿಯೂ ಶೇಕಡಾ 1 ಹೆಚ್ಚು ಬೆಳೆದರೆ s ಜಾಗಕ್ಕೆ 1 ಬರುತ್ತದೆ, ಪ್ರತಿಯೊಬ್ಬನ ವರಮಾನವೂ ಶೇಕಡಾ 1.5 ಇಳಿಯುತ್ತದೆ. ಹೆಚ್ಚು ಬೆಳೆಯಲು ಹೊರಟ ಒಬ್ಬೊಬ್ಬನ ನಿರ್ಧಾರವೂ ಸರಿಯಾಗಿಯೇ ಇತ್ತು. ನಷ್ಟ ಹುಟ್ಟಿದ್ದು ಎಲ್ಲರೂ ಅದನ್ನೇ ಮಾಡಿದ್ದರಿಂದ.

ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ ಟೊಮೆಟೊ ಹರಾಜು ಕಂಡವರಿಗೆ ಈ ಲೆಕ್ಕ ಹೊಸದಲ್ಲ. 2023ರ ಜುಲೈನಲ್ಲಿ ಆವಕ ಕುಸಿದಾಗ 15 ಕಿಲೋ ಬಾಕ್ಸಿನ ಬೆಲೆ 2,000 ರೂಪಾಯಿ ದಾಟಿತ್ತು. ಸುಗ್ಗಿ ಉಕ್ಕಿದ ವರ್ಷಗಳಲ್ಲಿ ಕೀಳುವ ಕೂಲಿಯೂ ಗಿಟ್ಟದೆ ರೈತರು ಹಣ್ಣನ್ನು ರಸ್ತೆಬದಿಗೆ ಸುರಿದ ಚಿತ್ರಗಳನ್ನು ನಮ್ಮ ಪತ್ರಿಕೆಗಳು ಮತ್ತೆ ಮತ್ತೆ ಅಚ್ಚು ಹಾಕಿವೆ. ಟೊಮೆಟೊವನ್ನು ಕೂಡಿಡಲಾಗದು, ಬೆಲೆ ಅರ್ಧವಾಯಿತೆಂದು ಮನೆಯವರು ಸಾರಿಗೆ ಎರಡರಷ್ಟು ಹಾಕುವುದೂ ಇಲ್ಲ. ಅಲ್ಲಿ ರೈತನನ್ನು ಲೆಕ್ಕ ತಪ್ಪಿದವನೆಂದು ದೂರುವವರು 1 − 2.5s ಎಂಬುದನ್ನು ಒಮ್ಮೆ ಬರೆದು ನೋಡಬೇಕು. ಅವನ ಕೈಯಲ್ಲಿರುವುದು s ಮಾತ್ರ.

ಅಂಕಿ ಎಲ್ಲಿಂದ ಬರುತ್ತದೆ

ಇಂದು ಸ್ಥಿತಿಸ್ಥಾಪಕತ್ವವನ್ನು ಅಂದಾಜು ಮಾಡುವವರು ಹಲವು ದಿನಗಳ ಅಥವಾ ಹಲವು ಊರುಗಳ ಬೆಲೆ ಮತ್ತು ಮಾರಾಟವನ್ನು ಕಲೆಹಾಕಿ ln Q = a + e ln P ಎಂಬ ಸರಳರೇಖೆಯನ್ನು ಹೊಂದಿಸುತ್ತಾರೆ. ರೇಖೆಯ ಇಳಿಜಾರೇ ನೇರವಾಗಿ e. ಇದು ಎಷ್ಟು ಸುಲಭವೋ ಅಷ್ಟೇ ಅಪಾಯಕರ. 1914ರಲ್ಲಿ ಅಮೆರಿಕದ ಹೆನ್ರಿ ಮೂರ್ ಬೀಡುಕಬ್ಬಿಣದ ಅಂಕಿಗಳಿಗೆ ಇಂಥದೇ ರೇಖೆ ಹೊಂದಿಸಿದಾಗ ಅದು ಮೇಲಕ್ಕೆ ಏರುವ ರೇಖೆಯಾಗಿ ಬಂತು. ಬೆಲೆ ಹೆಚ್ಚಿದಂತೆ ಮಾರಾಟವೂ ಹೆಚ್ಚು! ಆತ ಅದನ್ನು ಹೊಸ ಬಗೆಯ ಬೇಡಿಕೆ ಎಂದುಕೊಂಡ. ವಾಸ್ತವದಲ್ಲಿ ಆರ್ಥಿಕತೆ ಚುರುಕಾದ ವರ್ಷಗಳಲ್ಲಿ ಕಬ್ಬಿಣದ ಬೇಡಿಕೆಯೇ ಬಲಕ್ಕೆ ಸರಿದು ಬೆಲೆಯನ್ನೂ ಬಿಕರಿಯನ್ನೂ ಒಟ್ಟಿಗೆ ಏರಿಸಿತ್ತು. ಅವನ ರೇಖೆ ಹಿಡಿದದ್ದು ಹೆಚ್ಚಾಗಿ ಪೂರೈಕೆಯ ದಾರಿಯನ್ನು.

1927ರಲ್ಲಿ ಎಲ್ಮರ್ ವರ್ಕಿಂಗ್ ಈ ಗೋಜಲನ್ನು ಬಿಡಿಸಿದ. ಬೇಡಿಕೆ ಇದ್ದಲ್ಲೇ ಇದ್ದು ಪೂರೈಕೆ ಮಾತ್ರ ಸರಿದಾಡಿದರೆ ನಮಗೆ ಸಿಗುವ ಬಿಂದುಗಳು ಬೇಡಿಕೆಯ ರೇಖೆಯ ಮೇಲೆ ಬೀಳುತ್ತವೆ. ಪೂರೈಕೆ ನಿಂತು ಬೇಡಿಕೆ ಸರಿದಾಡಿದರೆ ಪೂರೈಕೆಯ ರೇಖೆ ಸಿಗುತ್ತದೆ. ಎರಡೂ ಸರಿದಾಡಿದರೆ ಸಿಗುವುದು ಯಾವುದೂ ಅಲ್ಲ. ಮರುವರ್ಷ ಫಿಲಿಪ್ ರೈಟ್ ಪರಿಹಾರ ಸೂಚಿಸಿದ: ಕೊಳ್ಳುವವರ ಮನಸ್ಸನ್ನು ಮುಟ್ಟದೆ ಪೂರೈಕೆಯನ್ನು ಮಾತ್ರ ಅಲುಗಿಸುವ ಹೊರಗಿನ ಕಾರಣವೊಂದನ್ನು ಹಿಡಿದು ಅದರ ಮೂಲಕ ಅಳೆಯಬೇಕು. ಹವಾಮಾನ ಅಂಥ ಕಾರಣ.

ಡಾವನೆಂಟನ ಪಟ್ಟಿ ಈ ಪರೀಕ್ಷೆಯಲ್ಲಿ ಬಹುಮಟ್ಟಿಗೆ ಗೆಲ್ಲುತ್ತದೆ. ಅಲ್ಲಿ ಅಲುಗುವುದು ಬೆಳೆ, ಅಲುಗಿಸುವುದು ಮಳೆ ಬಿಸಿಲು. ಹೊಟ್ಟೆಯ ಹಸಿವು ವರ್ಷದಿಂದ ವರ್ಷಕ್ಕೆ ಅಷ್ಟಾಗಿ ಬದಲಾಗದು. ಆದರೆ ಪಟ್ಟಿಯ ಅಂಕಿಗಳು ಇಂಥ ವರ್ಷ, ಇಂಥ ಸಂತೆ ಎಂದು ಎಣಿಸಿ ಬರೆದವಲ್ಲ. ಅವು ಒಬ್ಬ ಜಾಣನ ಅಂದಾಜು. ಹಿಂದಿನ ವರ್ಷದ ಕಣಜದಲ್ಲಿ ಉಳಿದ ಧಾನ್ಯವೂ ಅದರಲ್ಲಿ ಕಾಣುವುದಿಲ್ಲ. ವಿಲಿಯಂ ಸ್ಟಾನ್ಲಿ ಜೆವನ್ಸ್ 1871ರಲ್ಲಿ ಇದೇ ಪಟ್ಟಿಗೆ P = 0.824 ÷ (Q − 0.12)² ಎಂಬ ಸೂತ್ರವನ್ನು ಹೊಂದಿಸಿದ. ಅದರಿಂದ ಸ್ಥಿತಿಸ್ಥಾಪಕತ್ವ ತೆಗೆದರೆ ಮಾಮೂಲಿ ಬೆಳೆಯಲ್ಲಿ −0.44, ಅರ್ಧ ಬೆಳೆಯಲ್ಲಿ −0.38. ನಮ್ಮ −0.4ರ ಆಸುಪಾಸೇ. ಬೆಳೆ 0.12ಕ್ಕೆ ಇಳಿದರೆ ಆ ಸೂತ್ರದಲ್ಲಿ ಬೆಲೆ ಅನಂತವಾಗುತ್ತದೆ. ಸ್ಥಿರವಾದ −0.4ರ ಸೂತ್ರದಲ್ಲೋ, ಬೆಳೆ ಸೊನ್ನೆಯತ್ತ ಸರಿದಂತೆ ಜನ ತೆರುವ ಹಣಕ್ಕೆ ಮೇರೆಯೇ ಇರುವುದಿಲ್ಲ. ಕೊಳ್ಳುವವರ ಬಳಿ ಇರುವ ಹಣಕ್ಕೆ ಮೇರೆ ಇದೆ. ಎರಡು ಸೂತ್ರಗಳನ್ನೂ ಪಟ್ಟಿಯ ಐದನೇ ಸಾಲಿನಾಚೆ ಎಳೆಯಬಾರದು.

ಯಾರ ವರಮಾನ

1 + e ಹೇಳುವುದು ಮಾರಾಟವಾದ ಸರಕಿನ ಒಟ್ಟು ಹಣದ ಬಗ್ಗೆ. ಬೆಳೆದದ್ದೆಲ್ಲ ಮಾರಾಟಕ್ಕೆ ಬರುವುದಿಲ್ಲ. ಬೀಜಕ್ಕೆಂದೂ ಮನೆಯ ಊಟಕ್ಕೆಂದೂ ಒಂದಷ್ಟು ಮೊದಲೇ ತೆಗೆದಿಡುತ್ತಾರೆ, ಬೆಳೆ ಕುಂದಿದ ವರ್ಷ ಆ ಪಾಲು ಕುಂದುವುದಿಲ್ಲ. ನೂರರಲ್ಲಿ ಇಪ್ಪತ್ತು ಹೀಗೆ ಹೋಗುತ್ತದೆ ಎಂದುಕೊಂಡರೆ, ಬೆಳೆ 90ಕ್ಕೆ ಇಳಿದಾಗ ಸಂತೆಗೆ ಬರುವುದು 80ರ ಬದಲು 70. ಬೆಲೆ 1.3 ಆದರೆ ಸಂತೆಯಲ್ಲಿ ಅಳೆದ ಸ್ಥಿತಿಸ್ಥಾಪಕತ್ವ −0.51, ಒಟ್ಟು ವರಮಾನ 1.17ರ ಬದಲು 1.14 ಪಟ್ಟು. ವ್ಯತ್ಯಾಸ ಚಿಕ್ಕದು.

ಒಂದೊಂದು ಮನೆಗೆ ಬಂದರೆ ಅದು ಚಿಕ್ಕದಲ್ಲ. ದೊಡ್ಡ ಹಿಡುವಳಿಯವನು 1,000 ಮೂಟೆ ಬೆಳೆದು 50 ಇಟ್ಟುಕೊಂಡು 950 ಮಾರುತ್ತಿದ್ದ. ಬೆಳೆ ಹತ್ತರಲ್ಲಿ ಒಂದು ಪಾಲು ಹೋದ ವರ್ಷ ಅವನು 850 ಮಾರುತ್ತಾನೆ. ಬೆಲೆ 1.3 ಪಟ್ಟಾದ್ದರಿಂದ ಅವನ ವರಮಾನ 1.16 ಪಟ್ಟು. ಪಕ್ಕದ ಹೊಲದ ಸಣ್ಣ ರೈತ 30 ಮೂಟೆ ಬೆಳೆದು 25 ಮನೆಗೆ ಇಟ್ಟುಕೊಂಡು 5 ಮಾರುತ್ತಿದ್ದ. ಆ ವರ್ಷ ಅವನ ಬೆಳೆ 27, ಮಾರಲು ಉಳಿದದ್ದು 2. ಅದೇ ಏರಿದ ಬೆಲೆಗೆ ಮಾರಿದರೂ 2 × 1.3 = 2.6, ಹಿಂದಿನ 5ರ ಎದುರು 0.52 ಪಟ್ಟು. ಒಂದೇ ಮಳೆ, ಒಂದೇ ಸಂತೆ, ಒಂದೇ e. ಬೆಳೆ ಹತ್ತರಲ್ಲಿ ಎರಡು ಪಾಲು ಹೋದರೆ ಅವನಿಗೆ ಸಿಗುವುದು 24 ಮೂಟೆ, ಮನೆಗೆ ಬೇಕಾದದ್ದು 25. ಆಗ ಅವನು ಸಂತೆಗೆ ಹೋಗುವುದು ಒಂದು ಮೂಟೆ ಕೊಳ್ಳಲು, 1.8 ಪಟ್ಟು ಬೆಲೆ ತೆತ್ತು.